ಬೆಲ್ಲದ ಪಾಕಕ್ಕೆ ಥರ್ಮಿಸ್ಟರ್: 25 ಡಿಗ್ರಿಯ ಲೆಕ್ಕ 116ರಲ್ಲಿ ಯಾಕೆ ಕೈ ಕೊಡುತ್ತೆ?

ಥರ್ಮಿಸ್ಟರ್ ಸರ್ಕ್ಯೂಟ್ ಅಂದ ಕೂಡಲೇ ನಾವೆಲ್ಲ ಮಾಡುವುದು ಒಂದೇ. 10 ಕಿಲೋಓಮ್‌ನ ಒಂದು ಎನ್‌ಟಿಸಿ ತರುತ್ತೇವೆ, ಅದರ ಜೊತೆಗೆ 10 ಕಿಲೋಓಮ್‌ನ ಒಂದು ರೆಸಿಸ್ಟರ್ ಸೀರೀಸ್‌ನಲ್ಲಿ ಹಾಕುತ್ತೇವೆ, ನಡುವಿನ ಬಿಂದುವನ್ನು ಆರ್ಡುಯಿನೊದ ಅನಲಾಗ್ ಪಿನ್‌ಗೆ ಕೊಡುತ್ತೇವೆ. ಲ್ಯಾಬ್‌ನಲ್ಲಿ 28 ಡಿಗ್ರಿ ತೋರಿಸುತ್ತೆ. ಬೆರಳಲ್ಲಿ ಹಿಡಿದರೆ 33ಕ್ಕೆ ಏರುತ್ತೆ. ಎಲ್ಲರಿಗೂ ಖುಷಿ, ಪ್ರಾಜೆಕ್ಟ್ ಮುಗೀತು.

ಈಗ ಅದೇ ಸರ್ಕ್ಯೂಟನ್ನು ಅಥಣಿ ತಾಲ್ಲೂಕಿನ ಸತ್ತಿಯಂಥ ಊರಿಗೆ ಒಯ್ಯೋಣ. ಕೃಷ್ಣೆಯ ದಂಡೆ, ಸುತ್ತಲೂ ಕಬ್ಬು. ಅಂಥ ಕಡೆ ಒಂದು ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕದ ಹದ ಅಳೆಯಬೇಕು ಅಂದುಕೊಳ್ಳಿ. ಸರ್ಕ್ಯೂಟ್ ಸುಡುವುದಿಲ್ಲ, ಕೋಡ್ ನಿಲ್ಲುವುದಿಲ್ಲ, ಪರದೆಯ ಮೇಲೆ ಅಂಕಿ ಬರುತ್ತಲೇ ಇರುತ್ತೆ. ಆದರೆ ಆ ಅಂಕಿ ಎರಡು ಡಿಗ್ರಿ ಸುಳ್ಳು ಹೇಳಬಹುದು. ಬೆಲ್ಲಕ್ಕೆ ಎರಡು ಡಿಗ್ರಿ ಬಹಳ ದೊಡ್ಡದು. ಅದು ಎಲ್ಲಿ ತಪ್ಪುತ್ತೆ, ಅದನ್ನು ಸರಿಪಡಿಸೋದು ಹೇಗೆ ಅನ್ನೋದನ್ನು ಇಲ್ಲಿ ನೋಡೋಣ.

ಎರಡು ಡಿಗ್ರಿ ಯಾಕೆ ದೊಡ್ಡದು

ಕಬ್ಬಿನ ಹಾಲು ನೀರಿಗಿಂತ ಸ್ವಲ್ಪವೇ ಹೆಚ್ಚಿನ ಉಷ್ಣತೆಯಲ್ಲಿ ಕುದಿಯಲು ಶುರುಮಾಡುತ್ತೆ. ನೀರು ಆವಿಯಾದಂತೆ ಸಕ್ಕರೆಯ ಪ್ರಮಾಣ ಏರುತ್ತೆ, ಅದರ ಜೊತೆ ಕುದಿಬಿಂದುವೂ ಏರುತ್ತೆ. ಬಹಳ ಹೊತ್ತು ಅದು ನಿಧಾನ, ಕೊನೆಗೆ ಬಂದಾಗ ಅವಸರ. ಹೀಗಾಗಿ ಪಾಕದ ಉಷ್ಣತೆ ಅಂದರೆ ಅದರಲ್ಲಿ ಇನ್ನೂ ಎಷ್ಟು ನೀರು ಉಳಿದಿದೆ ಅನ್ನುವುದರ ಅಳತೆ. ದ್ರವ ಬೆಲ್ಲಕ್ಕಾದರೆ ಸುಮಾರು 105 ಡಿಗ್ರಿ ಹೊತ್ತಿಗೆ ಇಳಿಸುತ್ತಾರೆ. ಅಚ್ಚು ಬೆಲ್ಲಕ್ಕೆ 116ರಿಂದ 118, ಪುಡಿ ಬೆಲ್ಲಕ್ಕೆ 120ರ ಆಸುಪಾಸು. ಮೊದಲೇ ಇಳಿಸಿದರೆ ಬೆಲ್ಲ ಗಟ್ಟಿಯಾಗದೆ ಜಿಗುಟಾಗಿ ಉಳಿಯುತ್ತೆ. ತಡವಾದರೆ ಬಣ್ಣ ಕಪ್ಪಾಗುತ್ತೆ. ಮಹಾಲಿಂಗಪುರದಂಥ ಬೆಲ್ಲದ ಪೇಟೆಯಲ್ಲಿ ಬಣ್ಣವೇ ರೇಟು.

ಪಾಕ ನೋಡುವ ಹಿರಿಯರಿಗೆ ಇದೆಲ್ಲ ಕೈಯಲ್ಲೇ ಇದೆ. ಒಂದಿಷ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ, ಅದರ ಗಟ್ಟಿತನ ನೋಡಿ ‘ಇಳಸ್ರೀ’ ಅಂತಾರೆ. ನಮ್ಮ ಸೆನ್ಸರ್ ಆ ಗಳಿಗೆಯನ್ನು ಒಂದು ಡಿಗ್ರಿಗಿಂತ ಕಡಿಮೆ ತಪ್ಪಿನಲ್ಲಿ ಹಿಡಿಯಬೇಕು. ಇಲ್ಲದಿದ್ದರೆ ಅದು ಅಲ್ಲಿ ಇದ್ದೂ ಉಪಯೋಗವಿಲ್ಲ.

10 ಕಿಲೋಓಮ್ ಜೋಡಿ ಎಲ್ಲಿ ಸೋಲುತ್ತೆ

ಎನ್‌ಟಿಸಿ ಅಂದರೆ ಬಿಸಿ ಏರಿದಂತೆ ರೋಧ ಇಳಿಯುವ ಥರ್ಮಿಸ್ಟರ್. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಮಾದರಿ 25 ಡಿಗ್ರಿಯಲ್ಲಿ 10 ಕಿಲೋಓಮ್, ಬೀಟಾ 3950. ಅದರ ಸೂತ್ರ ನಿಮಗೆ ಗೊತ್ತಿರುವುದೇ:

```
R = R0 * exp( B * (1/T - 1/T0) )
1/T = 1/T0 + ln(R/R0) / B
```

ಇಲ್ಲಿ `T` ಮತ್ತು `T0` ಕೆಲ್ವಿನ್‌ನಲ್ಲಿ ಇರಬೇಕು, `T0 = 298.15`, `R0 = 10000`. ಮೊದಲ ಸಾಲಿನಲ್ಲಿ 118 ಡಿಗ್ರಿ, ಅಂದರೆ 391.15 ಕೆಲ್ವಿನ್ ಹಾಕಿ ನೋಡಿ. `R` ಸುಮಾರು 429 ಓಮ್ ಬರುತ್ತೆ. ಹತ್ತು ಸಾವಿರದಿಂದ ನಾನೂರ ಇಪ್ಪತ್ತೊಂಬತ್ತಕ್ಕೆ ಇಳಿಯಿತು. ಅದರ ಜೋಡಿ ರೆಸಿಸ್ಟರ್ ಮಾತ್ರ ಅಲ್ಲೇ 10 ಕಿಲೋಓಮ್‌ನಲ್ಲಿ ಕೂತಿದೆ.

ರೆಸಿಸ್ಟರ್ ಮೇಲೆ, ಥರ್ಮಿಸ್ಟರ್ ಕೆಳಗೆ ಗ್ರೌಂಡ್ ಕಡೆ ಇದ್ದರೆ, ನಡುವಿನ ವೋಲ್ಟೇಜ್ ಒಟ್ಟು ಪೂರೈಕೆಯ ಎಷ್ಟು ಪಾಲು ಅನ್ನುವುದು ಹೀಗೆ:

```
k = R / (R + Rs)
```

118 ಡಿಗ್ರಿಯಲ್ಲಿ `k` ಬರೀ 0.041. ಆರ್ಡುಯಿನೊ ಊನೊದ ಎಡಿಸಿ 10 ಬಿಟ್, ಅಂದರೆ 1024 ಮೆಟ್ಟಿಲು. ಅದರಲ್ಲಿ ನಾವು ನಿಂತಿರುವುದು 42ನೇ ಮೆಟ್ಟಿಲಿನಲ್ಲಿ. ಒಂದು ಡಿಗ್ರಿ ಏರಿದರೆ ಎಷ್ಟು ಮೆಟ್ಟಿಲು ಬದಲಾಗುತ್ತೆ? ಇಲ್ಲಿ ಎರಡು ಸಂಗತಿ ಸೇರುತ್ತವೆ. ಥರ್ಮಿಸ್ಟರಿನ ರೋಧ ಆ ಉಷ್ಣತೆಯಲ್ಲಿ ಡಿಗ್ರಿಗೆ `B/T²` ಪಾಲು, ಅಂದರೆ ಸುಮಾರು ಶೇ. 2.6ರಷ್ಟು ಬದಲಾಗುತ್ತೆ. ಆ ಬದಲಾವಣೆಯನ್ನು ಡಿವೈಡರ್ ಎಡಿಸಿಗೆ ಮುಟ್ಟಿಸುವಾಗ `k(1-k)` ಇಂದ ಗುಣಿಸಿ ಕಡಿಮೆ ಮಾಡುತ್ತೆ. 0.041 ಅನ್ನು 0.959ರಿಂದ ಗುಣಿಸಿ, 0.0258ರಿಂದ ಗುಣಿಸಿ, 1024ರಿಂದ ಗುಣಿಸಿದರೆ ಬರುವುದು 1.04. ಅಂದರೆ ಒಂದು ಡಿಗ್ರಿಗೆ ಒಂದೇ ಮೆಟ್ಟಿಲು. ಎಡಿಸಿ ಸುಮ್ಮನೆ ಕೂತಾಗಲೂ ಒಂದೆರಡು ಮೆಟ್ಟಿಲು ಆಚೀಚೆ ಆಡುತ್ತೆ. ಹಾಗಾದರೆ 116 ಯಾವುದು, 118 ಯಾವುದು ಅಂತ ಅದು ಹೇಳುವುದಾದರೂ ಹೇಗೆ?

ಇದನ್ನು ಗುರುತಿಸೋದು ಸುಲಭ. ಉಷ್ಣತೆ ಏರುವಾಗ ಪರದೆಯ ಅಂಕಿ ನಯವಾಗಿ ಏರದೆ, ಒಂದೊಂದು ಡಿಗ್ರಿಯ ಹಾರುಜಿಗಿತ ಮಾಡುತ್ತಿದ್ದರೆ, ಡಿವೈಡರ್ ತುದಿಗೆ ಬಂದು ನಿಂತಿದೆ ಎಂದರ್ಥ.

ಹಾಗಾದರೆ ಎಷ್ಟು ಓಮ್?

`k(1-k)` ಅತಿ ಹೆಚ್ಚಾಗುವುದು `k` ಅರ್ಧವಾದಾಗ, ಅಂದರೆ ಜೋಡಿ ರೆಸಿಸ್ಟರ್ ಥರ್ಮಿಸ್ಟರಿಗೆ ಸಮನಾದಾಗ. ಪುಸ್ತಕಗಳು ‘ಸಮನಾದ ರೆಸಿಸ್ಟರ್ ಹಾಕಿ’ ಅನ್ನುವುದು ಇದಕ್ಕೇ. ಆದರೆ ಯಾವ ಉಷ್ಣತೆಯಲ್ಲಿ ಸಮ? ಪೊಟ್ಟಣದ ಮೇಲೆ ಬರೆದ 25ರಲ್ಲಿ ಅಲ್ಲ, ನಿಮಗೆ ಬೇಕಾದ ಉಷ್ಣತೆಯಲ್ಲಿ. 118ರಲ್ಲಿ 429 ಓಮ್ ಅಂದರೆ ಹತ್ತಿರದ ಸಿಗುವ ಬೆಲೆ 470 ಓಮ್. ಅದನ್ನು ಹಾಕಿದರೆ ಡಿಗ್ರಿಗೆ 6.6 ಮೆಟ್ಟಿಲು ಸಿಗುತ್ತೆ. ಆರು ಪಟ್ಟು ಲಾಭ.

ಅಲ್ಲಿಗೇ ನಿಲ್ಲುವ ಹಾಗಿಲ್ಲ. ರೋಧ ಕಡಿಮೆ ಮಾಡಿದಾಗ ಕರೆಂಟು ಹೆಚ್ಚಾಯಿತು, ಆ ಕರೆಂಟು ಥರ್ಮಿಸ್ಟರನ್ನೇ ಬಿಸಿ ಮಾಡುತ್ತೆ. 5 ವೋಲ್ಟ್‌ನಲ್ಲಿ 470 ಓಮ್ ಜೊತೆ ಹರಿಯುವುದು 5.6 ಮಿಲಿಆಂಪ್, ಥರ್ಮಿಸ್ಟರ್ ತಿನ್ನುವುದು 13 ಮಿಲಿವ್ಯಾಟ್. ಸಣ್ಣ ಮಣಿಯಂಥ ಥರ್ಮಿಸ್ಟರ್ ನಿಶ್ಚಲ ಗಾಳಿಯಲ್ಲಿ ಒಂದೆರಡು ಮಿಲಿವ್ಯಾಟ್‌ಗೇ ಒಂದು ಡಿಗ್ರಿ ಬಿಸಿಯಾಗುತ್ತೆ. ದ್ರವದಲ್ಲಿ ಮುಳುಗಿದ್ದರೆ ಶಾಖ ಬೇಗ ಹೊರಗೆ ಹೋಗುತ್ತೆ, ಆದರೂ 13 ಮಿಲಿವ್ಯಾಟ್ ನಿರ್ಲಕ್ಷಿಸುವಂಥದ್ದಲ್ಲ. ನೀವು ಪಾಕದ ಬಿಸಿ ಅಳೆಯುತ್ತೀರಾ, ನಿಮ್ಮ ಕರೆಂಟಿನ ಬಿಸಿ ಅಳೆಯುತ್ತೀರಾ?

ಈಗ 1 ಕಿಲೋಓಮ್ ಹಾಕಿ ನೋಡಿ. `k` 0.30 ಆಗುತ್ತೆ, ಡಿಗ್ರಿಗೆ 5.5 ಮೆಟ್ಟಿಲು. ಆರೂವರೆಯಿಂದ ಐದೂವರೆಗೆ ಇಳಿಯಿತು, ಅಷ್ಟೇ. ಬಿಸಿ ಮಾತ್ರ 13ರಿಂದ 5.2 ಮಿಲಿವ್ಯಾಟ್‌ಗೆ ಬಂತು. `k(1-k)` ಅನ್ನೋದು ನೆತ್ತಿಯ ಹತ್ತಿರ ಚಪ್ಪಟೆಯಾದ ಗುಡ್ಡ. ತುದಿಯಿಂದ ಸ್ವಲ್ಪ ಆಚೆ ಸರಿದರೆ ಕಳೆದುಕೊಳ್ಳುವುದು ಕಡಿಮೆ, ಉಳಿಸುವುದು ಜಾಸ್ತಿ. ಹಾಗಾಗಿ ಬೇಕಾದ ಉಷ್ಣತೆಯಲ್ಲಿನ ರೋಧದ ಎರಡು ಪಟ್ಟಿನಷ್ಟು ರೆಸಿಸ್ಟರ್ ಹಾಕುವುದು ಒಳ್ಳೆಯ ರಾಜಿ. ಇನ್ನೊಂದು ಲಾಭವೂ ಇದೆ: 1 ಕಿಲೋಓಮ್ ಇದ್ದಾಗ ಕೋಣೆಯ 25 ಡಿಗ್ರಿಯಲ್ಲೂ ಡಿಗ್ರಿಗೆ ಮೂರೂವರೆ ಮೆಟ್ಟಿಲಿಗಿಂತ ಹೆಚ್ಚೇ ಸಿಗುತ್ತೆ. ತಣ್ಣಗಿನ ಹಾಲಿನಿಂದ ಹದದವರೆಗೂ ಒಂದೇ ರೆಸಿಸ್ಟರ್ ಸಾಕು.

ಉಳಿದ 5 ಮಿಲಿವ್ಯಾಟನ್ನೂ ಕಳೆಯಬಹುದು. ಡಿವೈಡರಿಗೆ 5 ವೋಲ್ಟ್ ಸದಾ ಕೊಡುವ ಬದಲು ಒಂದು ಡಿಜಿಟಲ್ ಪಿನ್‌ನಿಂದ ಕೊಡಿ. ಓದುವ ಮುಂಚೆ ಆನ್, ಓದಿದ ಮೇಲೆ ಆಫ್. ಸೆಕೆಂಡಿಗೆ ಒಮ್ಮೆ ಹನ್ನೆರಡು ಮಿಲಿಸೆಕೆಂಡ್ ಮಾತ್ರ ಕರೆಂಟು ಹರಿದರೆ ಸರಾಸರಿ ಬಿಸಿ ಶೇ. ಒಂದರ ಆಸುಪಾಸಿಗೆ ಇಳಿಯುತ್ತೆ.

ಐದು ವೋಲ್ಟನ್ನು ಲೆಕ್ಕಕ್ಕೆ ತರಬೇಡಿ

ಬಹಳಷ್ಟು ಕೋಡ್‌ಗಳಲ್ಲಿ ಎಡಿಸಿ ಅಂಕಿಯನ್ನು ಮೊದಲು 5.0ರಿಂದ ಗುಣಿಸಿ ವೋಲ್ಟೇಜ್ ಮಾಡಿ, ಆಮೇಲೆ ಅದರಿಂದ ರೋಧ ತೆಗೆಯುತ್ತಾರೆ. ಆ ಮೆಟ್ಟಿಲೇ ಬೇಕಾಗಿಲ್ಲ. ಊನೊದಲ್ಲಿ ಎಡಿಸಿಯ ರೆಫರೆನ್ಸ್ ಕೂಡ ಅದೇ 5 ವೋಲ್ಟ್ ಲೈನು, ಡಿವೈಡರ್ ಕೂಡ ಅದೇ ಲೈನು. ಪೂರೈಕೆ 4.7ಕ್ಕೆ ಇಳಿದರೆ ಎರಡೂ ಒಟ್ಟಿಗೆ ಇಳಿಯುತ್ತವೆ, ಅನುಪಾತ ಹಾಗೇ ಉಳಿಯುತ್ತೆ. ಎಡಿಸಿ ಅಂಕಿ `x` ಆದರೆ ನೇರವಾಗಿ:

```
R = Rs * x / (1024 - x)
```

ಇದು ಸರಿಯಾಗಿರಬೇಕಾದರೆ ಡಿವೈಡರ್ ಮತ್ತು ರೆಫರೆನ್ಸ್ ಒಂದೇ ಮೂಲದಿಂದ ಬರಬೇಕು. ರೆಫರೆನ್ಸನ್ನು ಚಿಪ್ಪಿನೊಳಗಿಂದ ತೆಗೆದುಕೊಳ್ಳುವ ಇಎಸ್‌ಪಿ32ರಂಥ ಬೋರ್ಡುಗಳಲ್ಲಿ ಈ ಸವಲತ್ತು ತಾನಾಗಿ ಸಿಗುವುದಿಲ್ಲ. ಅಲ್ಲಿ ಡಿವೈಡರಿನ ಪೂರೈಕೆಯನ್ನೂ ಇನ್ನೊಂದು ಚಾನೆಲ್‌ನಲ್ಲಿ ಅಳೆದು ಭಾಗಿಸಬೇಕಾಗುತ್ತೆ.

ಲಾಗರಿದಮ್‌ನ ಒಳಗಿನ ತಪ್ಪು

ಡಿವೈಡರ್ ಸರಿಯಾಯಿತು, ಮೆಟ್ಟಿಲುಗಳು ನಯವಾದವು. ಹಾಗಂತ ಅಂಕಿ ನಿಜವಾಯಿತು ಅಂತಲ್ಲ. ಈಗ ಉಳಿದಿರುವುದು ಸೂತ್ರ.

ಮೊದಲು ಒಂದು ಸಾಮಾನ್ಯ ಎಡವಟ್ಟು. ಸೂತ್ರದಲ್ಲಿರುವುದು ನ್ಯಾಚುರಲ್ ಲಾಗ್. ಸಿ ಭಾಷೆಯಲ್ಲಿ ಅದಕ್ಕೆ `log()`, ಕ್ಯಾಲ್ಕುಲೇಟರಿನಲ್ಲಿ ಅದಕ್ಕೆ `ln`. ಯಾರಾದರೂ `log10()` ಬರೆದರೆ 25 ಡಿಗ್ರಿಯಲ್ಲಿ ಏನೂ ಗೊತ್ತಾಗುವುದಿಲ್ಲ, ಯಾಕೆಂದರೆ ಅಲ್ಲಿ `R/R0` ಒಂದು, ಒಂದರ ಲಾಗ್ ಯಾವ ಬೇಸಿನಲ್ಲೂ ಸೊನ್ನೆ. ಕುದಿಯುವ ನೀರಿಗೆ ಹಾಕಿದಾಗ ಮಾತ್ರ ಅದು 53 ಡಿಗ್ರಿ ಅನ್ನುತ್ತೆ. ಕೋಣೆಯಲ್ಲಿ ಸರಿ, ಕುದಿಯುವ ನೀರಲ್ಲಿ ಅರ್ಧ ಅಂತ ಕಂಡರೆ ಮೊದಲು ಈ ಸಾಲು ನೋಡಿ.

ಇನ್ನೊಂದು ತಪ್ಪು ಇಷ್ಟು ದೊಡ್ಡದಾಗಿ ಕಾಣುವುದಿಲ್ಲ, ಅದಕ್ಕೇ ಅಪಾಯ. ಬೀಟಾ ಅನ್ನುವುದು ನಿಜವಾದ ಸ್ಥಿರಾಂಕ ಅಲ್ಲ. 3950 ಅಂತ ಬರೆದಿರುವುದು ಸಾಮಾನ್ಯವಾಗಿ 25 ಮತ್ತು 50 ಡಿಗ್ರಿಗಳ ನಡುವೆ ಅಳೆದದ್ದು. ಬಿಸಿ ಏರಿದಂತೆ ಅದು ಸ್ವಲ್ಪ ಬದಲಾಗುತ್ತೆ, ಜೊತೆಗೆ ತಯಾರಿಕೆಯಲ್ಲೇ ಶೇ. ಒಂದರಷ್ಟು ವ್ಯತ್ಯಾಸ ಇರಬಹುದು. ನಾವು ಮಾತ್ರ 25ರಲ್ಲಿ ನಿಂತು 118ರವರೆಗೆ, 93 ಡಿಗ್ರಿ ದೂರ, ಅದೇ ಅಂಕಿ ಹಿಡಿದು ನಡೆಯುತ್ತೇವೆ. ನಿಜವಾದ ಬೀಟಾ 3990 ಇದ್ದು ಕೋಡಿನಲ್ಲಿ 3950 ಇದ್ದರೆ, 118 ಇರುವಲ್ಲಿ 119.2 ತೋರಿಸುತ್ತೆ. ಶೇ. ಒಂದರ ತಪ್ಪಿಗೆ 1.2 ಡಿಗ್ರಿ.

ಅದರ ಮೇಲೆ ಜೋಡಿ ರೆಸಿಸ್ಟರಿನ ತಪ್ಪು. ರೋಧದಲ್ಲಿ ಶೇ. 2.6 ಅಂದರೆ ಒಂದು ಡಿಗ್ರಿ ಅಂತ ನೋಡಿದೆವು. ಬಂಗಾರದ ಪಟ್ಟೆಯ ಶೇ. 5ರ ಕಾರ್ಬನ್ ರೆಸಿಸ್ಟರ್ ಒಂದೇ ಸುಮಾರು ಎರಡು ಡಿಗ್ರಿ ತಪ್ಪಿಸಬಹುದು.

ಸೂತ್ರವನ್ನು ಕುದಿಯುವ ನೀರಿನಲ್ಲಿ ನಿಲ್ಲಿಸಿ

ಇವೆಲ್ಲಕ್ಕೂ ಒಂದೇ ಮದ್ದು ಇದೆ, ಅದಕ್ಕೆ ದುಡ್ಡು ಬೇಕಿಲ್ಲ. `T0` 25 ಡಿಗ್ರಿಯೇ ಆಗಿರಬೇಕು ಅಂತ ಸೂತ್ರ ಎಲ್ಲೂ ಹೇಳಿಲ್ಲ. ರೋಧ ಗೊತ್ತಿರುವ ಯಾವುದೇ ಉಷ್ಣತೆಯನ್ನು ಅಲ್ಲಿ ಇಡಬಹುದು. ನಮಗೆ ಬೇಕಾದ ಜಾಗಕ್ಕೆ ಹತ್ತಿರ, ಆಲೆಮನೆಯಲ್ಲೇ ಸಿಗುವ ಖಚಿತ ಉಷ್ಣತೆ ಅಂದರೆ ಕುದಿಯುವ ನೀರು.

ಅದು 100 ಡಿಗ್ರಿ ಅಲ್ಲ ಅನ್ನುವುದನ್ನು ಮರೆಯಬಾರದು. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಮೇಲೇರಿದಂತೆ ನೀರಿನ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತೆ. ಅಥಣಿ ಸೀಮೆಯ ನೆಲ ಐನೂರು ಮೀಟರಿಗಿಂತ ಮೇಲಿದೆ. ಅಲ್ಲಿ ನೀರು ಕುದಿಯುವುದು ಸುಮಾರು 98.2 ಡಿಗ್ರಿಯಲ್ಲಿ, ಅಂದರೆ 371.35 ಕೆಲ್ವಿನ್‌ನಲ್ಲಿ. ನಿಮ್ಮ ಊರು ಬೇರೆಯಾದರೆ ಎತ್ತರ ನೋಡಿ ಲೆಕ್ಕ ಹಾಕಿಕೊಳ್ಳಿ.

ಪ್ರೋಬನ್ನು ಚೆನ್ನಾಗಿ ಕುದಿಯುವ ನೀರಿನಲ್ಲಿ, ಪಾತ್ರೆಯ ತಳಕ್ಕೆ ತಾಗದಂತೆ ಹಿಡಿಯಿರಿ. `x` ಏರಿಳಿಯುವುದು ನಿಂತ ಮೇಲೆ ಅದನ್ನು ಬರೆದುಕೊಳ್ಳಿ. ಒಂದು ಲೆಕ್ಕ ಮಾಡಿ ನೋಡೋಣ. ಕುದಿಯುವ ನೀರಲ್ಲಿ `x = 448` ಬಂತು ಅಂದುಕೊಳ್ಳಿ. `Rs` ಅನ್ನು 1000 ಅಂತ ಹಿಡಿದರೆ `R` 777.8 ಓಮ್. ಇದನ್ನು ಹಳೆಯ 25 ಡಿಗ್ರಿಯ ಸೂತ್ರಕ್ಕೆ ಹಾಕಿದರೆ ಬರುವುದು 96.2 ಡಿಗ್ರಿ. ನೀರು ಕುದಿಯುತ್ತಿರುವುದು 98.2ರಲ್ಲಿ. ಎರಡು ಡಿಗ್ರಿ ಕಡಿಮೆ. ಯಾರ ತಪ್ಪು, ಬೀಟಾದ್ದಾ, ರೆಸಿಸ್ಟರಿನದ್ದಾ, ಥರ್ಮಿಸ್ಟರಿನ 10 ಕಿಲೋಓಮ್‌ದ್ದಾ? ಹುಡುಕುವ ಅಗತ್ಯವೇ ಇಲ್ಲ. ಸೂತ್ರದಲ್ಲಿ `R0` ಜಾಗಕ್ಕೆ 777.8, `T0` ಜಾಗಕ್ಕೆ 371.35 ಹಾಕಿಬಿಡಿ.

ಈಗ ಅದೇ ಪ್ರೋಬ್ ಪಾಕದಲ್ಲಿ. `x = 330` ಬಂತು. `R` 475.5 ಓಮ್. ಅನುಪಾತ 0.6113, ಅದರ ನ್ಯಾಚುರಲ್ ಲಾಗ್ −0.492. 3950ರಿಂದ ಭಾಗಿಸಿ `1/371.35`ಕ್ಕೆ ಕೂಡಿಸಿದರೆ `T` 389.4 ಕೆಲ್ವಿನ್, ಅಂದರೆ 116.2 ಡಿಗ್ರಿ. ಹಳೆಯ ಸೂತ್ರಕ್ಕೆ ಇದೇ 475.5 ಕೊಟ್ಟರೆ 114.0 ಅನ್ನುತ್ತಿತ್ತು. ಅದನ್ನು ನಂಬಿ ‘ಇನ್ನೂ ಎರಡು ಡಿಗ್ರಿ ಆಗಲಿ’ ಅಂತ ಕಾದಿದ್ದರೆ ಪಾಕ 118 ದಾಟುತ್ತಿತ್ತು.

ಈ ಉಪಾಯ ಎರಡು ಕಾರಣಕ್ಕೆ ಕೆಲಸ ಮಾಡುತ್ತೆ. ಒಂದು, ಸೂತ್ರ ಈಗ 93 ಡಿಗ್ರಿ ನಡೆಯಬೇಕಾಗಿಲ್ಲ, ಹದಿನೆಂಟು-ಇಪ್ಪತ್ತು ಡಿಗ್ರಿ ನಡೆದರೆ ಸಾಕು. ಬೀಟಾದಲ್ಲಿ ಶೇ. ಒಂದು ತಪ್ಪಿದ್ದರೆ ಮೊದಲು 1.2 ಡಿಗ್ರಿ ಎಡವುತ್ತಿದ್ದೆವು, ಈಗ 0.2. ಎರಡು, ಸೂತ್ರಕ್ಕೆ ಬೇಕಾಗಿರುವುದು `R/R0` ಅನ್ನುವ ಅನುಪಾತ ಮಾತ್ರ. ಎರಡೂ ರೋಧಗಳನ್ನು ಅದೇ `Rs` ಇಂದಲೇ ಲೆಕ್ಕ ಹಾಕಿದ್ದೇವೆ, ಹಾಗಾಗಿ `Rs` ಮೇಲೂ ಕೆಳಗೂ ಬಂದು ಹೊಡೆದುಹೋಗುತ್ತೆ. ಅದು 1000 ಇರಲಿ, 950 ಇರಲಿ, ಉತ್ತರ ಬದಲಾಗುವುದಿಲ್ಲ. ಡಿಜಿಟಲ್ ಪಿನ್‌ನ ಒಳಗಿನ ಇಪ್ಪತ್ತು-ಮೂವತ್ತು ಓಮ್ ಕೂಡ `Rs`ನ ಭಾಗವಾಗಿ ಹೀಗೇ ಹೋಗಿಬಿಡುತ್ತೆ. `Rs` ಸ್ಥಿರವಾಗಿದ್ದರೆ ಸಾಕು. ಆದ್ದರಿಂದ ಮೆಟಲ್ ಫಿಲ್ಮ್ ರೆಸಿಸ್ಟರ್ ಹಾಕಿ, ಬೋರ್ಡನ್ನು ಒಲೆಯ ಝಳದಿಂದ ದೂರ ಇಡಿ.

ಕೋಡ್ ಇಷ್ಟೇ:

```
const int PWR = 7;
const float RS = 1000.0;
const float R_REF = 777.8;
const float T_REF = 371.35;
const float BETA = 3950.0;

void setup() {
  pinMode(PWR, OUTPUT);
  Serial.begin(9600);
}

float readC() {
  digitalWrite(PWR, HIGH);
  delay(5);
  long sum = 0;
  for (int i = 0; i < 64; i++) sum += analogRead(A0);
  digitalWrite(PWR, LOW);
  float x = sum / 64.0;
  if (x < 20 || x > 1000) return NAN;
  float r = RS * x / (1024.0 - x);
  float t = 1.0 / (1.0 / T_REF + log(r / R_REF) / BETA);
  return t - 273.15;
}

void loop() {
  Serial.println(readC());
  delay(1000);
}
```

64 ಸಲ ಓದಿ ಸರಾಸರಿ ತೆಗೆದಿರುವುದು ಎಡಿಸಿಯ ಆಟವನ್ನು ತಗ್ಗಿಸಲು. `NAN` ಸಾಲು ತಂತಿ ಹರಿದಾಗಿನ ಕಾವಲು. ಅದಿಲ್ಲದಿದ್ದರೆ ಥರ್ಮಿಸ್ಟರಿನ ತಂತಿ ಬಿಟ್ಟಾಗ `x` 1023ಕ್ಕೆ ಹಾರಿ, ಕೊತಕೊತ ಕುದಿಯುವ ಕೊಪ್ಪರಿಗೆಯ ಉಷ್ಣತೆ ಮೈನಸ್ 51 ಅಂತ ತೋರಿಸುತ್ತೆ. ನಕ್ಕು ಬಿಡಬಹುದು, ಆದರೆ ಆ ಅಂಕಿಯನ್ನು ನಂಬಿ ಯಾವುದಾದರೂ ರಿಲೇ ಕೆಲಸ ಮಾಡುತ್ತಿದ್ದರೆ ನಗುವ ವಿಷಯ ಅಲ್ಲ.

ಸ್ಟೈನ್‌ಹಾರ್ಟ್-ಹಾರ್ಟ್ ಬೇಕಾ?

ಬೀಟಾ ಬದಲಾಗುವುದನ್ನೂ ಲೆಕ್ಕಕ್ಕೆ ತರುವ ಸೂತ್ರವೊಂದಿದೆ. ಜಾನ್ ಸ್ಟೈನ್‌ಹಾರ್ಟ್ ಮತ್ತು ಸ್ಟ್ಯಾನ್ಲಿ ಹಾರ್ಟ್ 1968ರಲ್ಲಿ ಸಾಗರ ಸಂಶೋಧನೆಯ ಪತ್ರಿಕೆಯೊಂದರಲ್ಲಿ ಅದನ್ನು ಪ್ರಕಟಿಸಿದರು:

```
1/T = A + B*ln(R) + C*(ln(R))^3
```

ಇಲ್ಲಿನ `B` ನಮ್ಮ ಬೀಟಾ ಅಲ್ಲ, ಗೊಂದಲ ಬೇಡ. ಮೂರು ಅಪರಿಚಿತ ಸಂಖ್ಯೆಗಳಿಗೆ ಮೂರು ಗೊತ್ತಿರುವ ಉಷ್ಣತೆಗಳು ಬೇಕು. ಕರಗುತ್ತಿರುವ ಮಂಜುಗಡ್ಡೆ ಸಿಗುತ್ತೆ, ಕುದಿಯುವ ನೀರು ಸಿಗುತ್ತೆ. ಮೂರನೆಯದು ನಮಗೆ ಬೇಕಾದ 118ಕ್ಕಿಂತ ಮೇಲೆ ಇರಬೇಕು, ಇಲ್ಲದಿದ್ದರೆ ವಕ್ರರೇಖೆ ಆಚೆಗೆ ತನಗೆ ಬೇಕಾದ ಕಡೆ ತಿರುಗುತ್ತೆ. ಅದಕ್ಕೆ ಬಿಸಿ ಶೇಂಗಾ ಎಣ್ಣೆಯಲ್ಲಿ ನಂಬಿಕೆಯ ಇನ್ನೊಂದು ಥರ್ಮಾಮೀಟರ್ ಜೊತೆ ಹೋಲಿಸಬೇಕು. ಸೊನ್ನೆಯಿಂದ 130ರವರೆಗೆ ಎಲ್ಲ ಕಡೆ ನಿಖರತೆ ಬೇಕಿದ್ದರೆ ಅಷ್ಟು ಶ್ರಮ ಸಾರ್ಥಕ. ಇಪ್ಪತ್ತು ಡಿಗ್ರಿಯ ಕಿರುಗಂಡಿಗೆ, ಕುದಿಯುವ ನೀರಲ್ಲಿ ನಿಲ್ಲಿಸಿದ ಬೀಟಾ ಸೂತ್ರವೇ ಸಾಕು. ಹಾಗೆ ಮಾಡಿದ ಮೇಲೆ ಕೋಣೆಯ ಉಷ್ಣತೆ ಅರ್ಧ ಡಿಗ್ರಿ ತಪ್ಪು ತೋರಿಸಿದರೆ ಗಾಬರಿ ಆಗಬೇಡಿ. ತಪ್ಪನ್ನು ನಾವು ಬೇಡವಾದ ಕಡೆಗೆ ತಳ್ಳಿದ್ದೇವೆ, ಅಷ್ಟೇ.

ಸೂತ್ರದ ಆಚೆಗಿನ ಎರಡು ಮಾತು

ಪ್ರೋಬ್ ಕೊಳ್ಳುವಾಗ ತಂತಿ ನೋಡಿ. ಸ್ಟೀಲ್ ಕೊಳವೆಯ ಅಗ್ಗದ ಪ್ರೋಬ್‌ಗಳಲ್ಲಿ ಪಿವಿಸಿ ಹೊದಿಕೆ ಇರುತ್ತೆ, ಅದು 105 ಡಿಗ್ರಿಯ ಆಚೆಗೆ ಮೆತ್ತಗಾಗುತ್ತೆ. ಗಾಜಿನ ಮಣಿಯ ಥರ್ಮಿಸ್ಟರ್, ಟೆಫ್ಲಾನ್ ಹೊದಿಕೆಯ ತಂತಿ ಇರುವುದನ್ನೇ ಆರಿಸಿ. ತಂತಿಯ ಉದ್ದ ಐದು ಮೀಟರ್ ಇದ್ದರೂ ಪರವಾಗಿಲ್ಲ. ಪಾಕದ ಉಷ್ಣತೆಯಲ್ಲಿ ಒಂದು ಡಿಗ್ರಿ ಅಂದರೆ ಸುಮಾರು 11 ಓಮ್, ತಂತಿಯ ರೋಧ ಒಂದು ಓಮ್ ಇದ್ದರೆ ತಪ್ಪು ಡಿಗ್ರಿಯ ಹತ್ತನೇ ಒಂದು ಭಾಗ. ಅದೇ ತಂತಿಯ ಜೊತೆಗೇ ಕುದಿಯುವ ನೀರಲ್ಲಿ ಅಳೆದರೆ ಅದರಲ್ಲೂ ಹೆಚ್ಚಿನ ಪಾಲು ಹೋಗುತ್ತೆ.

ಇನ್ನು ಗುರಿಯ ಅಂಕಿ. ನೀರಿನ ಕುದಿಬಿಂದು ಎತ್ತರಕ್ಕೆ ತಕ್ಕಂತೆ ಇಳಿದರೆ, ಪಾಕದ ಕುದಿಬಿಂದುವೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತೆ. ನೀರು 100ರಲ್ಲಿ ಕುದಿಯುವ ಕಡೆ 118ರಲ್ಲಿ ಬರುವ ಹದ, ಸತ್ತಿಯ ಕಡೆ 116ರ ಹತ್ತಿರವೇ ಬಂದುಬಿಡುತ್ತೆ. ಹಾಗಾಗಿ ಗುರಿಯನ್ನು ‘118’ ಅಂತ ಕೋಡಿನಲ್ಲಿ ಬರೆಯುವ ಬದಲು ‘ಕುದಿಯುವ ನೀರಿಗಿಂತ 18 ಡಿಗ್ರಿ ಮೇಲೆ’ ಅಂತ ಬರೆಯುವುದು ಸರಿ. ನಮ್ಮ ಸೂತ್ರವೂ ಅಲ್ಲಿಂದಲೇ ಎಣಿಸುತ್ತಿದೆ.

ಆ 18 ಕೂಡ ಎಲ್ಲ ಕಬ್ಬಿಗೂ ಒಂದೇ ಅಲ್ಲ. ಕಬ್ಬಿನ ಜಾತಿ, ಕಡಿದು ಎಷ್ಟು ದಿನವಾಯಿತು, ಸುಣ್ಣ ಎಷ್ಟು ಹಾಕಿದರು ಅನ್ನುವುದರ ಮೇಲೆ ಹದ ಸ್ವಲ್ಪ ಆಚೀಚೆ ಆಗುತ್ತೆ, ಅದು ಥರ್ಮಿಸ್ಟರಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ಮೊದಲ ಹತ್ತು ಕೊಪ್ಪರಿಗೆ ನಿಮ್ಮ ಅಂಕಿಯನ್ನು ನೋಡಿ ಇಳಿಸಬೇಡಿ. ಪಾಕ ನೋಡುವ ಕಾಕಾ ತಣ್ಣೀರಲ್ಲಿ ಉಂಡೆ ಮಾಡಿ ‘ಇಳಸ್ರೀ’ ಅಂದ ಗಳಿಗೆಯಲ್ಲಿ ಪರದೆಯ ಮೇಲೆ ಏನಿತ್ತು ಅಂತ ಬರೆದುಕೊಳ್ಳಿ. ಹತ್ತು ಅಂಕಿಗಳೂ ಒಂದು ಡಿಗ್ರಿಯೊಳಗೆ ಕೂಡಿ ಬಂದರೆ ನಿಮ್ಮ ಸರ್ಕ್ಯೂಟ್ ಸರಿ ಇದೆ, ಹನ್ನೊಂದನೆಯ ಕೊಪ್ಪರಿಗೆಯ ಗುರಿಯೂ ನಿಮಗೆ ಸಿಕ್ಕಿತು. ಚೆಲ್ಲಾಪಿಲ್ಲಿ ಆಗಿದ್ದರೆ ಕಾಕಾನ ಕೈಯನ್ನು ಅನುಮಾನಿಸುವ ಮೊದಲು ಪ್ರೋಬನ್ನು ಇನ್ನೊಮ್ಮೆ ಕುದಿಯುವ ನೀರಿಗೆ ಹಾಕಿ, `x` ಮತ್ತೆ 448 ಬರುತ್ತಾ ನೋಡಿ.